ಇಳಿಯದ ಗೆರೆಗೆ ಬೈಸಿಕೊಂಡವರು

"ನಿಮ್ಮ ಟೀಮಿನ ಗೆರೆ ಯಾಕೆ ಮಲ್ಕೊಂಡಿದೆ?"

ಪ್ರೊಜೆಕ್ಟರಿನಲ್ಲಿ ನಮ್ಮ ಬರ್ನ್‌ಡೌನ್ ಚಾರ್ಟ್ ಇತ್ತು. ಪ್ರಶ್ನೆ ಕೇಳಿದವರು ನಮ್ಮ ಮ್ಯಾನೇಜರ್‌ಗೂ ಮ್ಯಾನೇಜರ್. ಆ ವಾರದಿಂದ ಶನಿವಾರವೂ ಆಫೀಸಿಗೆ ಬನ್ನಿ ಅಂತ ಆಯ್ತು. ಟೀಮಿಗೆ ಹೊಸದಾಗಿ ಸೇರಿದ್ದ ಮಾಗಡಿ ಕಡೆಯ ಹುಡುಗನೊಬ್ಬನ ಪ್ರೊಬೇಷನ್ ಮೂರು ತಿಂಗಳು ಮುಂದಕ್ಕೆ ಹೋಯ್ತು. ಕಾರಣದ ಜಾಗದಲ್ಲಿ 'ಸ್ಲೋ' ಅಂತ ಬರೆದಿದ್ರು. ಅವನು ಸ್ಲೋ ಇರಲಿಲ್ಲ. ಸುಳ್ಳು ಹೇಳಿದ್ದು ಆ ಚಾರ್ಟು.

ಬರ್ನ್‌ಡೌನ್ ಗೊತ್ತಿರುತ್ತೆ ನಿಮಗೆ. ಇನ್ನೂ ಎಷ್ಟು ಕೆಲಸ ಉಳಿದಿದೆ ಅನ್ನೋದನ್ನ ತೋರಿಸೋ ಒಂದೇ ಒಂದು ಗೆರೆ. ಎಡಗಡೆ ಎತ್ತರದಲ್ಲಿ ಶುರುವಾಗಿ, ರಿಲೀಸ್ ದಿನಕ್ಕೆ ಸೊನ್ನೆ ಮುಟ್ಟಬೇಕು. ನಮ್ಮದು 120 ಪಾಯಿಂಟ್‌ಗಳ ರಿಲೀಸ್. ಎರಡು ವಾರದ ಒಂದು ಸ್ಪ್ರಿಂಟಿಗೆ 15ರ ಲೆಕ್ಕದಲ್ಲಿ ಎಂಟು ಸ್ಪ್ರಿಂಟಿಗೆ ಮುಗೀಬೇಕಿತ್ತು. ನಾಲ್ಕು ಸ್ಪ್ರಿಂಟ್ ಆದ ಮೇಲೆ ಗೆರೆ ಹೇಳಿದ್ದು ಇದು: 120, 104, 102, 100, 99. ಮೊದಲ ಸ್ಪ್ರಿಂಟ್ ಚೆನ್ನಾಗಿ ಮಾಡಿ ಆಮೇಲೆ ಎಲ್ಲರೂ ನಿದ್ದೆಗೆ ಹೋದ ಹಾಗೆ.

ನಿಜವಾಗಿ ನಡೆದದ್ದೇನು? ನಾವು ಮುಗಿಸಿದ್ದು ಕ್ರಮವಾಗಿ 16, 14, 16, 15. ಒಟ್ಟು 61. ಒಂದು ಸ್ಪ್ರಿಂಟೂ ಕೈ ಸೋತಿರಲಿಲ್ಲ. ಆದರೆ ಎರಡನೇ ಸ್ಪ್ರಿಂಟಿನಿಂದ ಪ್ರತಿ ಸಲವೂ "ಇದೊಂದು ಚಿಕ್ಕದು, ಸೇರಿಸ್ಕೊಳ್ಳಿ" ಅಂತ ಬಂದದ್ದು 12, 14, 14. ಹಾಗಾಗಿ 120 ಇದ್ದದ್ದು 160 ಆಗಿತ್ತು. ಮಾಡಿದ್ದನ್ನ ಕಳೆದು, ಸೇರಿಸಿದ್ದನ್ನ ಕೂಡಿ, ಉಳಿದ ಉತ್ತರವನ್ನು ಮಾತ್ರ ಬರ್ನ್‌ಡೌನ್ ತೋರಿಸುತ್ತೆ. 16 ಮುಗಿಸಿ 14 ಹೊಸದಾಗಿ ಹೊತ್ತವನೂ, ಎರಡೇ ಎರಡು ಮುಗಿಸಿ ಏನೂ ಹೊರದೆ ಕೂತವನೂ ಅದಕ್ಕೆ ಒಂದೇ.

ನಮ್ಮೂರು ಚನ್ನಪಟ್ಟಣದ ಹತ್ತಿರ. ನಾನು ಪಿಯುಸಿ ಓದುವಾಗ ಅಪ್ಪ ಮನೆ ಕಟ್ಟಿಸಿದ್ರು. ಎರಡು ರೂಮು, ಹಾಲು, ಅಡುಗೆಮನೆ ಅಂತ ಮಾತಾಗಿತ್ತು. ಪಾಯ ಎದ್ದ ಮೇಲೆ ಸಂಪು ಸೇರಿತು, ಗೋಡೆ ಎದ್ದ ಮೇಲೆ ಹುಳ ಸಾಕೋಕೆ ಹಿಂದುಗಡೆ ಒಂದು ಉದ್ದನೆ ರೂಮು ಸೇರಿತು, ಆಮೇಲೆ ಕಾಂಪೌಂಡು. ಅಪ್ಪ ದಿನಾ ಬೆಳಿಗ್ಗೆ ಬಂದು ಕೇಳೋರು, "ಇನ್ನೂ ಎಷ್ಟು ದಿನಾನಯ್ಯಾ?" ಮೇಸ್ತ್ರಿ ಜಗಳಕ್ಕೆ ಹೋಗ್ತಿರಲಿಲ್ಲ. ಜೇಬಿನಿಂದ ಸಣ್ಣ ನೋಟ್‌ಬುಕ್ ತೆಗೆಯೋನು. ಎಡಗಡೆ ಪುಟದಲ್ಲಿ ಮುಗಿದ ಕೆಲಸ, ಬಲಗಡೆ ಪುಟದಲ್ಲಿ 'ಎಕ್ಸ್‌ಟ್ರಾ'. "ಇದು ನಿಮ್ಮ ಮಾತಿನ ಮನೆ, ಇದು ಆಮೇಲಿಂದು. ಎರಡನ್ನೂ ಬರ್ಕೊಂಡಿವ್ನಿ, ನೋಡಿ ಯಜಮಾನ್ರೇ." ಅಪ್ಪ ಬಲಗಡೆ ಪುಟ ನೋಡಿ ಸುಮ್ಮನಾಗೋರು. ಬಿಇ ಓದಿದ ನಮಗೆ ಈ ಎರಡನೇ ಪುಟ ಇಟ್ಕೊಳ್ಳೋಕೆ ಯಾಕೋ ನಾಚಿಕೆ.

ಬರ್ನ್‌ಅಪ್ ಚಾರ್ಟ್ ಅಂದರೆ ಆ ನೋಟ್‌ಬುಕ್ಕೇ. ಎರಡು ಗೆರೆ. ಕೆಳಗಿನದು ಮುಗಿದ ಕೆಲಸ, ಸೊನ್ನೆಯಿಂದ ಮೇಲಕ್ಕೆ ಹತ್ತುತ್ತೆ. ಮೇಲಿನದು ಒಟ್ಟು ಸ್ಕೋಪ್, ಏನಾದರೂ ಸೇರಿದಾಗ ಮೆಟ್ಟಿಲಿನ ಹಾಗೆ ಏರುತ್ತೆ, ಕೈಬಿಟ್ಟಾಗ ಇಳಿಯುತ್ತೆ. ಎರಡರ ನಡುವಿನ ಸಂದೇ ಉಳಿದ ಕೆಲಸ. ಅಂದರೆ ಬರ್ನ್‌ಡೌನ್ ಹೇಳೋದನ್ನ ಇದೂ ಹೇಳುತ್ತೆ. ಜೊತೆಗೆ ಆ ಸಂದು ಯಾಕೆ ಮುಚ್ಚುತ್ತಿಲ್ಲ ಅನ್ನೋದನ್ನೂ ಹೇಳುತ್ತೆ.

ಬಲ ಇರೋದು ಮುಂದಿನ ಲೆಕ್ಕದಲ್ಲಿ. ನಮ್ಮ 99 ಪಾಯಿಂಟನ್ನೇ ತಗೊಳ್ಳಿ. ಇವತ್ತಿಗೆ ಸೇರಿಸೋದು ನಿಂತರೆ, ಸ್ಪ್ರಿಂಟಿಗೆ 15ರಂತೆ ಏಳು ಸ್ಪ್ರಿಂಟ್ ಸಾಕು. ನಿಲ್ಲದೆ ಸರಾಸರಿ 13ರಂತೆ ಸೇರುತ್ತಲೇ ಹೋದರೆ ಪ್ರತಿ ಸ್ಪ್ರಿಂಟಿಗೆ ಸಂದು ಮುಚ್ಚೋದು ಬರೀ ಎರಡು ಪಾಯಿಂಟ್. ಹತ್ತಿರ ಹತ್ತಿರ 50 ಸ್ಪ್ರಿಂಟ್, ಸುಮಾರು ಎರಡು ವರ್ಷ. ಅದೇ ಜನ, ಅದೇ ವೇಗ. ಶನಿವಾರ ಬಂದು ಕೂತರೆ ಆ 15 ಬಹುಶಃ 17 ಆಗಬಹುದು. ಸೇರಿಸೋದನ್ನ ನಿಲ್ಲಿಸಿದರೆ ಆಗೋ ಲಾಭದ ಮುಂದೆ ಅದು ಏನೇನೂ ಅಲ್ಲ. ಬರ್ನ್‌ಡೌನ್ ನೋಡಿ ಈ ಮಾತು ಯಾರಿಗೂ ಹೊಳೆಯೋಲ್ಲ. ಅದನ್ನ ನೋಡಿದವರಿಗೆ ಹೊಳೆಯೋದು ಶನಿವಾರವೇ.

ದೊಡ್ಡ ಲೆಕ್ಕ ಬೇಕಾ? ನಮ್ಮ ಮೆಟ್ರೋ ನೋಡಿ. 2006ರಲ್ಲಿ ಒಪ್ಪಿಗೆ ಸಿಕ್ಕ ಮೊದಲ ಹಂತ 33 ಕಿ.ಮೀ. ಆಮೇಲೆ ಉತ್ತರಕ್ಕೆ ನಾಗಸಂದ್ರ, ದಕ್ಷಿಣಕ್ಕೆ ಯಲಚೇನಹಳ್ಳಿವರೆಗೆ ಚಾಚಿ 42.3 ಕಿ.ಮೀ. ಆಯ್ತು. 2011ರ ಅಕ್ಟೋಬರ್‌ನಲ್ಲಿ ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಗೆ ಮೊದಲ ರೈಲು ಓಡಿದಾಗ ಮುಗಿದಿದ್ದು 6.7 ಕಿ.ಮೀ. 42.3ರಲ್ಲಿ ಅದನ್ನ ಕಳೆಯಿರಿ, ಉಳಿದದ್ದು 35.6. ಶುರುವಿನಲ್ಲಿ ಇದ್ದ 33ಕ್ಕಿಂತ ಜಾಸ್ತಿ! ಬರ್ನ್‌ಡೌನ್ ಪ್ರಕಾರ ರೈಲು ಓಡಿದ ದಿನ ಕೆಲಸ ಹಿಂದಕ್ಕೆ ಹೋಗಿತ್ತು. ಹಾಗಂತ ಮೆಟ್ರೋ ತಡವೇ ಆಗಲಿಲ್ಲ ಅಂತ ನಾನು ಹೇಳ್ತಿಲ್ಲ. ಮೊದಲ ಹಂತ ಪೂರ್ತಿ ಓಡಾಡೋಕೆ 2017ರ ಜೂನ್ ಬರಬೇಕಾಯ್ತು. ಬರ್ನ್‌ಅಪ್ ಎಳೆದಿದ್ದರೆ ಕೆಳಗಿನ ಗೆರೆಯ ನಿಧಾನವೂ ಮೇಲಿನ ಗೆರೆಯ ಏರಿಕೆಯೂ ಬೇರೆಬೇರೆಯಾಗಿ ಕಾಣ್ತಿದ್ವು. ಒಂದರ ಹಿಂದೆ ಇನ್ನೊಂದು ಅಡಗೋಕೆ ಆಗ್ತಿರಲಿಲ್ಲ. ಸೋಮಾರಿ ಟೀಮಿಗೂ ಈ ಚಾರ್ಟಿನಲ್ಲಿ ಮರೆ ಇಲ್ಲ.

(ಸ್ಕೋಪ್ ಅಂದಾಗ ನೆನಪಾಯ್ತು. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಇರೋ ನಮ್ಮ ಜಿಲ್ಲೆಗೇ 2025ರಲ್ಲಿ ಬೆಂಗಳೂರು ದಕ್ಷಿಣ ಅಂತ ಹೆಸರಿಟ್ಟರು. ಊರು ಬಿಟ್ಟು ಬೆಂಗಳೂರಿಗೆ ಬಂದ್ವಿ ಅಂದುಕೊಂಡಿದ್ವಿ, ಬೆಂಗಳೂರೇ ಹಿಂದೆ ಬಂತು.)

ಬರ್ನ್‌ಡೌನ್ ಪರವಾಗಿ ಮಾತಾಡೋರಿಗೆ ಒಂದು ಒಳ್ಳೆ ವಾದ ಇದೆ. ಸೇರಿದ ಕೆಲಸವನ್ನ ಸೊನ್ನೆ ಗೆರೆಯ ಕೆಳಗೆ ಕಂಬವಾಗಿ ಇಳಿಸಿ ತೋರಿಸಬಹುದು, ಮೈಕ್ ಕೋನ್ ಅಂಥದ್ದೊಂದು ರೂಪ ಹೇಳಿಕೊಟ್ಟಿದ್ದಾರೆ. ನಿಜ, ಅದು ಸುಳ್ಳು ಹೇಳೋಲ್ಲ. ಆದರೆ ನೆಲವೇ ಕೆಳಗಿಳಿಯೋ ಚಿತ್ರವನ್ನ ಕಸ್ಟಮರ್‌ಗೆ ವಿವರಿಸೋಕೆ ಕಾಲು ಗಂಟೆ ಬೇಕು. ಎರಡು ಗೆರೆ ತೋರಿಸಿದರೆ ವಿವರಣೆಯೇ ಬೇಡ. ಇನ್ನು, ಎರಡು ವಾರದ ಸ್ಪ್ರಿಂಟ್ ಒಳಗೆ ಯಾರೂ ಏನೂ ಸೇರಿಸೋಲ್ಲ ಅಂದರೆ ಬರ್ನ್‌ಡೌನೇ ಸಾಕು. ನನ್ನ ತಕರಾರು ತಿಂಗಳುಗಟ್ಟಲೆ ಓಡೋ ರಿಲೀಸ್‌ಗಳ ಬಗ್ಗೆ.

ಬರ್ನ್‌ಅಪ್ಪನ್ನೂ ಕೆಡಿಸಬಹುದು, ನಾವೇ ಮೊದಲ ವಾರ ಕೆಡಿಸಿದ್ವಿ. ಅರ್ಧ ಆದದ್ದನ್ನ ಮುಗಿದದ್ದಕ್ಕೆ ಸೇರಿಸಿದ್ವಿ. ಟೆಸ್ಟಿಂಗ್‌ನಲ್ಲಿ ಅದು ವಾಪಸ್ ಬಂದಾಗ ಕೆಳಗಿನ ಗೆರೆ ಇಳಿದು ಎಲ್ಲರೂ ಮುಖ ಮುಖ ನೋಡಿದ್ರು. ಇನ್ನೊಂದು, 5 ಅಂತ ಅಂದಾಜು ಮಾಡಿದ ಕೆಲಸ 13 ಅಂತ ಗೊತ್ತಾದಾಗಲೂ ಮೇಲಿನ ಗೆರೆ ಏರುತ್ತೆ. ಅದು ಕಸ್ಟಮರ್ ಕೇಳಿದ್ದಲ್ಲ, ನಮ್ಮ ಲೆಕ್ಕದ ತಪ್ಪು. ಎರಡನ್ನೂ ಒಂದೇ ಬಣ್ಣದಲ್ಲಿ ತೋರಿಸಿದರೆ ನಾವೂ ಅದೇ ಮೋಸ ಮಾಡಿದ ಹಾಗೆ. ಅದಕ್ಕೆ ಸ್ಪ್ರೆಡ್‌ಶೀಟಿನಲ್ಲಿ ತಾರೀಖು, ಒಟ್ಟು, ಮುಗಿದದ್ದು ಅನ್ನೋ ಮೂರು ಕಾಲಮ್ಮಿನ ಪಕ್ಕ ನಾಲ್ಕನೆಯದು ಹಾಕಿದೆ: ಯಾಕೆ ಏರಿತು, ಯಾರು ಕೇಳಿದ್ದು.

ಆ ನಾಲ್ಕನೇ ಕಾಲಮ್ಮಿನ ಸಮೇತ ಮುಂದಿನ ಮೀಟಿಂಗಿನಲ್ಲಿ ಹಾಕಿದ್ವಿ. ಗೆರೆ ಯಾಕೆ ಮಲಗಿದೆ ಅಂತ ಕೇಳಿದ್ದವರ ಹೆಸರೇ ಅದರಲ್ಲಿ ಮೂರು ಕಡೆ ಇತ್ತು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಅವರೇ, "ಇದರಲ್ಲಿ ಯಾವುದು ಮುಂದಿನ ರಿಲೀಸಿಗೆ ಹೋಗಬಹುದು?" ಅಂದ್ರು. 22 ಪಾಯಿಂಟ್ ಆಚೆ ಹೋಯ್ತು. 138ರಲ್ಲಿ 61 ಮುಗಿದಿತ್ತು, 77 ಉಳೀತು, ಐದು ಸ್ಪ್ರಿಂಟ್ ಚಿಲ್ಲರೆ. ಆರು ಅಂತ ಹಿಡಿದು ಹತ್ತನೇ ಸ್ಪ್ರಿಂಟಿಗೆ ರಿಲೀಸ್ ಅಂತ ಬರೆದುಕೊಂಡ್ವಿ. ಶನಿವಾರ ನಿಂತಿತು.

ಮಾಗಡಿ ಹುಡುಗನ ಕಾಗದದಲ್ಲಿ ಮಾತ್ರ 'ಸ್ಲೋ' ಹಾಗೇ ಇದೆ. ಸಿಸ್ಟಮ್‌ನಲ್ಲಿ ಲಾಕ್ ಆಗಿದೆ, ತಿದ್ದೋಕೆ ಆಗೋಲ್ಲ ಅಂದ್ರು.