ಸಾಲು ಸೊನ್ನೆ ಆದದ್ದು ಗೊತ್ತೇ ಆಗಲಿಲ್ಲ

ಕಳೆದ ವರ್ಷ ತಮ್ಮ ಸೈಟ್‌ಗೆ ಅಡ್ವಾನ್ಸ್ ಕೊಡಬೇಕಿತ್ತು. ಅಪ್ಪನ ಹೆಸರಲ್ಲಿರೋ ಷೇರುಗಳಲ್ಲಿ ಯಾವುದನ್ನು ಮಾರಬಹುದು ಅಂತ ನೋಡೋಕೆ ನನ್ನ ಶೀಟ್ ತೆಗೆದ. ಸುಮಾರು 180 ಸಾಲಿನ ಶೀಟ್ ಅದು. ಮನೆಯವರ ಹತ್ತಿರ ಇರೋ ಷೇರುಗಳು, ಮುಂದೆ ಕೊಳ್ಳೋಣ ಅಂತ ಕಣ್ಣಿಟ್ಟಿರೋವು, ಎಲ್ಲಾ ಅದರಲ್ಲೇ ಇವೆ. ಐದು ನಿಮಿಷಕ್ಕೆ ಫೋನ್ ಮಾಡಿದ: "ಅಕ್ಕಾ, ಅಪ್ಪನ ಮೈಂಡ್‌ಟ್ರೀ ಬೆಲೆ ಸೊನ್ನೆ ಅಂತ ಇದೆಯಲ್ಲ, ಮಾರಿಬಿಟ್ರಾ?"

ಮಾರಿರಲಿಲ್ಲ. ಆ ಸಾಲು ಸೊನ್ನೆಯಾಗಿ ಎರಡು ವರ್ಷದ ಮೇಲಾಗಿತ್ತು. ನಾನು ನೋಡಿರಲಿಲ್ಲ, ಅಷ್ಟೇ. ಪ್ರತಿ ತಿಂಗಳು ಶೀಟಿನ ಕೊನೆಯ ಮೊತ್ತ ಮಾತ್ರ ನೋಡಿ ಮುಚ್ಚುತ್ತಿದ್ದೆ. ಮೊತ್ತ ಹೇಗೂ ದಿನಾ ಏರಿಳಿಯುತ್ತೆ. ಅದರಲ್ಲಿ ಒಂದು ಕಂಪನಿಯೇ ಕಾಣೆಯಾದರೂ ಮಾರ್ಕೆಟ್ ಇಳಿದಿದೆ ಅಂದುಕೊಳ್ಳುತ್ತೇವೆ. ತಪ್ಪು ನಾನೇ ಬರೆದ ಈ ಒಂದು ಸಾಲಿನಲ್ಲಿತ್ತು:

```
=IFERROR(GOOGLEFINANCE("NSE:"&B2),0)
```

ಬೆಲೆ ಸಿಗದಿದ್ದರೆ ಕೆಂಪು ಅಕ್ಷರದ ದೋಷ ಕಾಣೋದು ಬೇಡ, ಸೊನ್ನೆ ತೋರಿಸು ಅಂತ ಹೇಳಿದ್ದೆ. ಅದು ಹೇಳಿದ ಹಾಗೇ ಕೇಳಿತು.

ಇಲ್ಲಿ ನಿಜಕ್ಕೂ ಏನಾಗಿತ್ತು? ನಮ್ಮ ಬೆಂಗಳೂರಿನ ಮೈಂಡ್‌ಟ್ರೀ 2022ರ ನವೆಂಬರ್‌ನಲ್ಲಿ ಎಲ್‌ಟಿಐ ಜೊತೆ ವಿಲೀನವಾಯಿತು. ಕಾಗದದ ಲೆಕ್ಕದಲ್ಲಿ ಉಳಿದದ್ದು ಎಲ್‌ಟಿಐ, ಹೆಸರು ಮಾತ್ರ ಎಲ್‌ಟಿಐಮೈಂಡ್‌ಟ್ರೀ ಆಯಿತು. ಹಾಗಾಗಿ ಒಂದೇ ಘಟನೆ ಎರಡು ಸಾಲುಗಳಿಗೆ ಎರಡು ಥರ ತಾಗಿತು. LTI ಅಂತ ಇದ್ದ ಟಿಕ್ಕರ್ LTIM ಆಯಿತು. ಅವರಿಗೆ ಇದು ಬರೀ ಮರುನಾಮಕರಣ. MINDTREE ಟಿಕ್ಕರ್ ಮಾತ್ರ ಸತ್ತೇ ಹೋಯಿತು. ಆ ಷೇರು ಇದ್ದವರಿಗೆ ಪ್ರತಿ 100 ಮೈಂಡ್‌ಟ್ರೀ ಷೇರಿಗೆ 73 ಎಲ್‌ಟಿಐ ಷೇರು ಸಿಕ್ಕಿತು.

ಟಿಕ್ಕರ್ ನೋಡಿದರೆ ಎರಡೂ ಒಂದೇ ಥರ ಮುರಿದ ಹಾಗೆ ಕಾಣುತ್ತವೆ. ವ್ಯತ್ಯಾಸ ಗೊತ್ತಾಗೋದು ಐಎಸ್‌ಐಎನ್‌ನಿಂದ. ಡಿಮ್ಯಾಟ್ ಸ್ಟೇಟ್‌ಮೆಂಟ್‌ನಲ್ಲಿ ಪ್ರತಿ ಷೇರಿನ ಪಕ್ಕ INE ಅಂತ ಶುರುವಾಗೋ 12 ಅಕ್ಷರದ ಗುರುತು ಇರುತ್ತಲ್ಲ, ಅದೇ. ಎಲ್‌ಟಿಐನದು INE214T01019. ಹೆಸರು ಬದಲಾದರೂ, ಟಿಕ್ಕರ್ ಬದಲಾದರೂ ಅದು ಹಾಗೇ ಉಳಿಯಿತು. ಮೈಂಡ್‌ಟ್ರೀಯ INE018I01017 ಮಾತ್ರ ಪಟ್ಟಿಯಿಂದ ಹೊರಟುಹೋಯಿತು. 2025ರಲ್ಲಿ ZOMATO ಹೋಗಿ ETERNAL ಬಂದಾಗಲೂ, 2024ರಲ್ಲಿ ಬೆಂಗಳೂರಿನದೇ ಯುನೈಟೆಡ್ ಸ್ಪಿರಿಟ್ಸ್ MCDOWELL-N ಬಿಟ್ಟು UNITDSPR ಆದಾಗಲೂ ಇದೇ ಕಥೆ: ಬೋರ್ಡ್ ಬದಲಾಯಿತು, ಅಂಗಡಿ ಅದೇ.

ಅಂದರೆ ನನ್ನ ಮೂಲ ತಪ್ಪು ಟಿಕ್ಕರನ್ನೇ ಗುರುತು ಅಂದುಕೊಂಡದ್ದು. ಈಗ ಶೀಟಿನ A ಕಾಲಂನಲ್ಲಿ ಐಎಸ್‌ಐಎನ್ ಇದೆ, ಟಿಕ್ಕರನ್ನು ನಾನು ಕೈಯಲ್ಲಿ ಬರೆಯೋದೇ ಇಲ್ಲ. ಎನ್‌ಎಸ್‌ಇ ತನ್ನಲ್ಲಿ ವಹಿವಾಟಾಗೋ ಷೇರುಗಳ ಪಟ್ಟಿಯನ್ನು `EQUITY_L.csv` ಅನ್ನೋ ಫೈಲ್‌ನಲ್ಲಿ ಉಚಿತವಾಗಿ ಕೊಡುತ್ತೆ. ಅದರ ಮೊದಲ ಕಾಲಂನಲ್ಲಿ ಟಿಕ್ಕರ್, ಏಳನೆಯದರಲ್ಲಿ ಐಎಸ್‌ಐಎನ್. ಅದನ್ನು ಶೀಟಿನಲ್ಲಿ EQ ಅನ್ನೋ ಟ್ಯಾಬ್‌ಗೆ ಪೇಸ್ಟ್ ಮಾಡಿ, B ಕಾಲಂನಲ್ಲಿ ಇಷ್ಟು ಬರೆದಿದ್ದೇನೆ:

```
=IFERROR(INDEX(EQ!A:A,MATCH(A2,EQ!G:G,0)),"ನೋಡು")
```

ಮೂರು ತಿಂಗಳಿಗೊಮ್ಮೆ ಹೊಸ ಫೈಲ್ ಹಾಕಿದರೆ ಮರುನಾಮಕರಣಗಳೆಲ್ಲ ತಾವಾಗೇ ಸರಿಹೋಗುತ್ತವೆ. ಐಎಸ್‌ಐಎನ್ ಪಟ್ಟಿಯಲ್ಲಿಲ್ಲ ಅಂದರೆ ಸೊನ್ನೆ ಬರಲ್ಲ, "ನೋಡು" ಅಂತ ಬರುತ್ತೆ. ಬೆಲೆಯ ಕಾಲಂನಿಂದ ಆ IFERROR ಕಿತ್ತುಹಾಕಿದ್ದೇನೆ. ದೋಷ ಇದ್ದರೆ ಮೊತ್ತವೇ ಕೆಡಲಿ, ನನಗೆ ಗೊತ್ತಾಗಲಿ. ಬಿಎಸ್‌ಇಯಲ್ಲಿ ಮಾತ್ರ ಇರೋ ಷೇರುಗಳು ಈ ಫೈಲ್‌ನಲ್ಲಿ ಸಿಗಲ್ಲ, ಅವುಗಳನ್ನು ಬೇರೆ ಟ್ಯಾಬ್‌ನಲ್ಲಿ ಆರಂಕಿಯ ಬಿಎಸ್‌ಇ ಕೋಡ್ ಜೊತೆ ಇಟ್ಟಿದ್ದೇನೆ.

"ನೋಡು" ಅಂತ ಬಂದ ಸಾಲಿಗೆ ಸಾಮಾನ್ಯವಾಗಿ ಮೂರರಲ್ಲಿ ಒಂದು ಕಾರಣ ಇರುತ್ತೆ.

ಮೊದಲನೆಯದು ಏನೂ ಗಾಬರಿಯಿಲ್ಲದ್ದು: ಷೇರು ವಿಭಜನೆ. ಮುಖಬೆಲೆ ಬದಲಾದಾಗ ಐಎಸ್‌ಐಎನ್ ಕೂಡ ಬದಲಾಗುತ್ತೆ. 2019ರಲ್ಲಿ ಎಚ್‌ಡಿಎಫ್‌ಸಿ ಬ್ಯಾಂಕ್ 2 ರೂಪಾಯಿಯ ಷೇರನ್ನು 1 ರೂಪಾಯಿಗೆ ಒಡೆದಾಗ INE040A01026 ಹೋಗಿ INE040A01034 ಬಂತು. ಮೊದಲ ಏಳು ಅಕ್ಷರ ನೋಡಿ, ಎರಡರಲ್ಲೂ INE040A. ಅದು ಕಂಪನಿಯ ಗುರುತು. ಆ ಏಳು ಅಕ್ಷರವನ್ನು EQ ಟ್ಯಾಬ್‌ನಲ್ಲಿ ಹುಡುಕಿ, ಸಿಕ್ಕರೆ ಹೊಸ ಐಎಸ್‌ಐಎನ್ ಹಾಕಿ, ಷೇರಿನ ಸಂಖ್ಯೆ ಮತ್ತು ಕೊಂಡ ಬೆಲೆ ತಿದ್ದಿದರೆ ಮುಗಿಯಿತು.

ಎರಡನೆಯದು ವಿಲೀನ. ಇಲ್ಲಿ ಸಾಲನ್ನು ಅಳಿಸೋದಲ್ಲ, ಪರಿವರ್ತಿಸೋದು. ಅಪ್ಪನ ಲೆಕ್ಕವನ್ನೇ ತಗೊಳ್ಳಿ. 40 ಮೈಂಡ್‌ಟ್ರೀ ಷೇರು, ಸರಾಸರಿ 1,460 ರೂಪಾಯಿಯಂತೆ ಕೊಂಡದ್ದು, ಒಟ್ಟು 58,400. 40ನ್ನು 0.73ರಿಂದ ಗುಣಿಸಿದರೆ 29.2. ಡಿಮ್ಯಾಟ್‌ಗೆ ಬಂದದ್ದು 29 ಷೇರು, ಉಳಿದ 0.2ಕ್ಕೆ ಹಣ ಬ್ಯಾಂಕಿಗೆ ಬಂತು. ಎಲ್ಲರ ಚೂರುಗಳನ್ನೂ ಒಟ್ಟುಗೂಡಿಸಿ ಮಾರಿ ಹಂಚುತ್ತಾರೆ. ಪಾಸ್‌ಬುಕ್‌ನಲ್ಲಿ ಆ ಸಣ್ಣ ಮೊತ್ತ ನೋಡಿ ಅಪ್ಪ ಡಿವಿಡೆಂಡ್ ಅಂದುಕೊಂಡಿದ್ದರು. ಹೊಸ ಷೇರಿನ ಕೊಂಡ ಬೆಲೆ 1,460 ಭಾಗಿಸು 0.73, ಅಂದರೆ ಸರಿಯಾಗಿ 2,000 ರೂಪಾಯಿ. ಕೊಂಡ ತಾರೀಖು ಮಾತ್ರ ಹಳೆಯದೇ ಇರಬೇಕು. ಇಂಥ ವಿಲೀನವನ್ನು ತೆರಿಗೆಯಲ್ಲಿ ಮಾರಾಟ ಅಂತ ಎಣಿಸಲ್ಲ. ಹಳೇ ಖರ್ಚು, ಹಳೇ ಅವಧಿ ಹೊಸ ಷೇರಿಗೂ ಮುಂದುವರಿಯುತ್ತೆ. ಶೀಟಿನಲ್ಲಿ ವಿಲೀನದ ದಿನವನ್ನೇ ಕೊಂಡ ದಿನ ಅಂತ ಬರೆದರೆ ದೀರ್ಘಾವಧಿ ಲಾಭ ಅಲ್ಪಾವಧಿ ಆಗಿ ಕಾಣಬಹುದು.

ಕೊಳ್ಳದೆ ಬರೀ ಕಣ್ಣಿಟ್ಟಿರೋ ಷೇರಿಗೂ ಇದೇ ಲೆಕ್ಕ. "ಮೈಂಡ್‌ಟ್ರೀ 3,000ಕ್ಕೆ ಬಂದರೆ ತಿಳಿಸು" ಅಂತ ಇಟ್ಟ ಅಲರ್ಟ್ ಇನ್ನು ಯಾವತ್ತೂ ಹೊಡೆದುಕೊಳ್ಳಲ್ಲ. ಅದನ್ನು LTIMಗೆ 3,000 ಅಂತ ವರ್ಗಾಯಿಸಿದರೂ ತಪ್ಪೇ. 3,000ನ್ನು 0.73ರಿಂದ ಭಾಗಿಸಿ, ಸುಮಾರು 4,110 ಅಂತ ಇಡಬೇಕು.

ಮೂರನೆಯದು ಡಿಲಿಸ್ಟಿಂಗ್. ಇದರಲ್ಲಿ ಗಡಿಯಾರ ಓಡುತ್ತಿರುತ್ತೆ. ಪ್ರವರ್ತಕರು ಕಂಪನಿಯನ್ನು ಮಾರುಕಟ್ಟೆಯಿಂದ ಹೊರಗೆ ತಗೊಂಡಾಗ, ಮೊದಲ ಸುತ್ತಿನಲ್ಲಿ ಷೇರು ಕೊಡದೆ ಉಳಿದವರು ಡಿಲಿಸ್ಟ್ ಆದ ದಿನದಿಂದ ಒಂದು ವರ್ಷದೊಳಗೆ ಅದೇ ಬೆಲೆಗೆ ಅವರಿಗೆ ಮಾರಬಹುದು. ಹೆಕ್ಸಾವೇರ್ 2020ರಲ್ಲಿ ಹೀಗೆ ಹೋದಾಗ ಬೆಲೆ 475 ರೂಪಾಯಿ. ಆ ವರ್ಷ ಕಳೆದ ಮೇಲೆ ಷೇರು ಡಿಮ್ಯಾಟ್‌ನಲ್ಲಿ ಇರುತ್ತೆ, ಕೊಳ್ಳೋರನ್ನು ಹುಡುಕೋದು ಮಾತ್ರ ನಿಮ್ಮ ಪಾಡು. ಹೆಕ್ಸಾವೇರ್ 2025ರಲ್ಲಿ ಮತ್ತೆ ಲಿಸ್ಟ್ ಆಯಿತು, ಆದರೆ HEXT ಅನ್ನೋ ಹೊಸ ಟಿಕ್ಕರ್‌ನಲ್ಲಿ. ಹಳೇ HEXAWARE ಸಾಲು ಇಟ್ಟುಕೊಂಡವರ ಶೀಟ್‌ಗೆ ಅದು ವಾಪಸ್ ಬಂದದ್ದೂ ಗೊತ್ತಾಗಲ್ಲ. ಮೂರು ತಿಂಗಳಿಗೊಮ್ಮೆ ನೋಡೋ ಅಭ್ಯಾಸ ಇದ್ದರೆ ಆ ಒಂದು ವರ್ಷ ಕೈತಪ್ಪಲ್ಲ. ನನ್ನ ಹಾಗೆ ಎರಡು ವರ್ಷ ಬಿಟ್ಟರೆ ಹೋದ ಹಾಗೇ.

ಇಷ್ಟೆಲ್ಲ ಮಾಡಿ ಬೀಗುತ್ತಿದ್ದಾಗಲೇ ಟಾಟಾ ಮೋಟಾರ್ಸ್ ನನ್ನ ಫಾರ್ಮುಲಾವನ್ನೂ ದಾಟಿಹೋಯಿತು. 2025ರ ಅಕ್ಟೋಬರ್‌ನಲ್ಲಿ ಅದು ಎರಡಾಯಿತು. ಕಾರಿನ ವ್ಯವಹಾರ ಹಳೇ ಕಂಪನಿಯಲ್ಲೇ ಉಳಿದು, ಟಿಕ್ಕರ್ TMPV ಆಯಿತು, ಐಎಸ್‌ಐಎನ್ ಹಳೆಯದೇ. ಲಾರಿ, ಬಸ್ಸಿನ ವ್ಯವಹಾರ ಬೇರೆ ಕಂಪನಿಗೆ ಹೋಗಿ, ಷೇರಿಗೊಂದರಂತೆ ಎಲ್ಲರಿಗೂ ಅದರ ಷೇರು ಸಿಕ್ಕಿತು, ನವೆಂಬರ್‌ನಲ್ಲಿ TMCV ಅಂತ ಲಿಸ್ಟ್ ಆಯಿತು. ತಮಾಷೆ ಅಂದರೆ "ಟಾಟಾ ಮೋಟಾರ್ಸ್ ಲಿಮಿಟೆಡ್" ಅನ್ನೋ ಹೆಸರು ಈಗ ಈ ಲಾರಿ ಕಂಪನಿಯದು. ಹೆಸರು ನೋಡಿ ಜೋಡಿಸಿದವರು ತಪ್ಪು ಕಂಪನಿಗೆ ಜೋಡಿಸುತ್ತಾರೆ. ಐಎಸ್‌ಐಎನ್ ನೋಡಿದ ನನ್ನ ಶೀಟ್ ಸರಿಯಾದ ಕಂಪನಿಯನ್ನೇ ಹಿಡಿಯಿತು, "ನೋಡು" ಅಂತ ಬರಲೇ ಇಲ್ಲ. ಆದರೆ ಅರ್ಧ ವ್ಯವಹಾರ ಇನ್ನೊಂದು ಸಾಲಿಗೆ ಹೋಗಿತ್ತು, ಆ ಸಾಲೇ ನನ್ನಲ್ಲಿರಲಿಲ್ಲ. ಶೀಟ್ ಭಾರಿ ನಷ್ಟ ತೋರಿಸುತ್ತಿತ್ತು. ಬೋನಸ್ ಷೇರಿನದೂ ಇದೇ ಪಾಡು: ಐಎಸ್‌ಐಎನ್ ಬದಲಾಗಲ್ಲ, ಸಂಖ್ಯೆ ಬದಲಾಗುತ್ತೆ.

ಹಾಗಾಗಿ ಕೊನೆಯ ಕೆಲಸ ಒಂದು ಉಳಿಯುತ್ತೆ, ಅದು ಕೈಯಲ್ಲೇ ಆಗಬೇಕು. ಎನ್‌ಎಸ್‌ಡಿಎಲ್ ಅಥವಾ ಸಿಡಿಎಸ್‌ಎಲ್‌ನಿಂದ ಮೇಲ್‌ಗೆ ಬರೋ ಒಟ್ಟು ಸ್ಟೇಟ್‌ಮೆಂಟ್, ಸಿಎಎಸ್ ಅಂತಾರಲ್ಲ, ಅದನ್ನು ಪಕ್ಕಕ್ಕಿಟ್ಟುಕೊಂಡು ಪ್ರತಿ ಐಎಸ್‌ಐಎನ್‌ನ ಷೇರು ಸಂಖ್ಯೆ ಶೀಟಿನ ಜೊತೆ ತಾಳೆ ನೋಡೋದು. ಸ್ಟೇಟ್‌ಮೆಂಟ್‌ನಲ್ಲಿದ್ದು ಶೀಟಿನಲ್ಲಿಲ್ಲದ ಸಾಲು ಸಿಕ್ಕರೆ ಅದು ವಿಂಗಡಣೆ ಅಥವಾ ವಿಲೀನದಿಂದ ಬಂದ ಹೊಸ ಷೇರು ಅಂತ ತಿಳಿಯಿರಿ. ಬರೀ ಕಣ್ಣಿಟ್ಟಿರೋ ಷೇರುಗಳಿಗೆ ಈ ಆಸರೆ ಇಲ್ಲ. ಒಂದೇ ದಿನದಲ್ಲಿ ಬೆಲೆ ಕಾರಣವಿಲ್ಲದೆ ಮೂರನೇ ಒಂದು ಭಾಗವೋ ಅರ್ಧವೋ ಬಿದ್ದಿದ್ದರೆ, ಅಗ್ಗವಾಯಿತು ಅಂತ ಕೊಳ್ಳೋ ಮುಂಚೆ ಆ ಕಂಪನಿ ಎಕ್ಸ್‌ಚೇಂಜ್‌ಗೆ ಕೊಟ್ಟ ಪ್ರಕಟಣೆ ಓದಿ.

ಅಪ್ಪನ 29 ಷೇರು ಡಿಮ್ಯಾಟ್‌ನಲ್ಲಿ ಹಾಗೇ ಇದ್ದವು. ಎಲ್ಲೂ ಹೋಗಿರಲಿಲ್ಲ, ನನ್ನ ಶೀಟಿಗೆ ಕಂಡಿರಲಿಲ್ಲ. ತಮ್ಮ ಅವನ್ನು ಮಾರಿ ಅಡ್ವಾನ್ಸ್‌ಗೆ ಸೇರಿಸಿದ. ಅಪ್ಪ ಕೇಳಿದ್ದು ಒಂದೇ: "ಮೈಂಡ್‌ಟ್ರೀ ಅಲ್ವೇನೋ ನಾನು ಕೊಂಡಿದ್ದು?" ಸಾಲಿನ ಕೊನೆಗೆ ಈಗ ಒಂದು ಟಿಪ್ಪಣಿ ಕಾಲಂ ಇದೆ. ಅದರಲ್ಲಿ ಹಳೇ ಹೆಸರು, ತಾರೀಖು, ಅನುಪಾತ ಬರೆದಿಡುತ್ತೇನೆ.