ತವರಿನ ಹಾಡು ಈಗ ಅಣ್ಣನದು

ಗೌರಿ ಹಬ್ಬಕ್ಕೆ ಅಕ್ಕ ಕುಂಸಿಗೆ ಬಂದಳು, ದುಬೈಯಲ್ಲಿರುವ ಅಣ್ಣ ಬರಲಿಲ್ಲ. ಅವನ ಸ್ಟೇಟಸ್‌ನಲ್ಲಿ ಗೋಪಾಲಕೃಷ್ಣ ಅಡಿಗರ 'ಮೋಹನ ಮುರಳಿ' ಇತ್ತು. 'ಅಮೆರಿಕಾ ಅಮೆರಿಕಾ' ಚಿತ್ರದ ನಂತರ ಅದು ಪರದೇಶದಲ್ಲಿರುವವರ ಹಾಡೇ ಆಗಿಬಿಟ್ಟಿದೆ. ಆದರೆ ಅದು ಹೇಳುವುದು ದೂರ ತೀರದ ಸೆಳೆತವನ್ನು, ಊರಿನ ನೆನಪನ್ನಲ್ಲ.

ಹಬ್ಬದ ಹೊತ್ತಿನ ಹಂಬಲ ಇರುವುದು ನಮ್ಮ ಜನಪದ ಹಾಡುಗಳಲ್ಲಿ. ಅಲ್ಲಿ ಕಾಯುವವಳು ಗಂಡನ ಮನೆಯ ತಂಗಿ, ಕರೆದೊಯ್ಯಬೇಕಾದವನು ಅಣ್ಣ. ಅವನು ಬಂದರೆ ದುಃಖ ಮುಗಿಯಿತು, ಬಾರದಿದ್ದರೆ ದೂರಲು ಒಬ್ಬನಾದರೂ ಇದ್ದಾನೆ.

ಈಗ ಕಾಯುವವನೇ ಅಣ್ಣ. ಅವನನ್ನು ತಡೆಯುವುದು ರಜೆಯ ಲೆಕ್ಕ. ನಮ್ಮ ಹಬ್ಬ ಚಾಂದ್ರಮಾನದ್ದು. ಗಣೇಶ ಚತುರ್ಥಿ 2024ರಲ್ಲಿ ಸೆಪ್ಟೆಂಬರ್ 7ಕ್ಕೆ ಬಂತು, 2025ರಲ್ಲಿ ಆಗಸ್ಟ್ 27ಕ್ಕೆ. ರಜೆಯನ್ನು ತಿಂಗಳುಗಳ ಮೊದಲೇ ಕೇಳಬೇಕು, ಟಿಕೆಟ್ ಅದಕ್ಕೆ ಹೊಂದಬೇಕು. ಹೋದ ವರ್ಷದ ತಾರೀಕು ನಂಬಿದವನಿಗೆ ಹಬ್ಬ ತಪ್ಪುತ್ತದೆ.

ದುಬೈ ನಮಗಿಂತ ಒಂದೂವರೆ ಗಂಟೆ ಹಿಂದೆ. ಸಂಜೆ 7ಕ್ಕೆ ಇಲ್ಲಿ ಮಂಗಳಾರತಿ, ಅಲ್ಲಿ 5.30, ಅವನ ಕೆಲಸ ಇನ್ನೂ ಮುಗಿದಿರಲಿಲ್ಲ. ಅಮ್ಮ ಹಾಡಿದ್ದನ್ನು ರೆಕಾರ್ಡ್ ಮಾಡಿ ಕಳಿಸಿದೆ. ರಾತ್ರಿ ಕೇಳಿದನಂತೆ.