ಶೀಟ್ ಹಸಿರಾಗಿದೆ, ದುಡ್ಡು ಎಲ್ಲಿದೆ?

ಮಾರ್ಚ್‌ನಲ್ಲಿ ಪ್ರಾಜೆಕ್ಟ್‌ಗೆ ಕಾಂಪೊನೆಂಟ್ ಕೇಳೋಕೆ ಹೋದ್ರೆ "ಬಜೆಟ್ ಮುಗೀತಪ್ಪ" ಅನ್ನೋ ಉತ್ತರ ಸಿಗೋದು ನಮಗೆ ಹೊಸದೇನಲ್ಲ. ಇಂಥದ್ದನ್ನ ಮೊದಲೇ ತಿಳಿಸೋಕೆ ಅಂತಾನೇ ವಿಭಾಗದ ಮುಖ್ಯಸ್ಥರ ಮುಂದೆ ಹಸಿರು, ಹಳದಿ, ಕೆಂಪು ಬಣ್ಣಗಳ ತಿಂಗಳ ಬಜೆಟ್ ಶೀಟ್ ಇರುತ್ತೆ. ಆದರೆ ಆ ಬಣ್ಣ ಯಾವ ಲೆಕ್ಕದಿಂದ ಬರುತ್ತೆ ಅಂತ ಕೇಳದೇ ಇದ್ದರೆ ಶೀಟ್ ಇದ್ದೂ ಇಲ್ಲದ ಹಾಗೆ.

ಒಂದು ಲೆಕ್ಕ ಹಾಕೋಣ. ಒಂದು ವಿಭಾಗದ ಲ್ಯಾಬ್ ಖರ್ಚಿಗೆ ವರ್ಷಕ್ಕೆ 6,00,000 ರೂಪಾಯಿ ಅಂದ್ಕೊಳ್ಳಿ. ಏಪ್ರಿಲ್‌ನಿಂದ ಸೆಪ್ಟೆಂಬರ್ ಕೊನೆವರೆಗೆ ಪಾವತಿ ಆಗಿರೋದು 2,40,000. ಅಂದರೆ ಶೇ. 40. ವರ್ಷ ಅರ್ಧ ಮುಗಿದಿದೆ, ಖರ್ಚು ಅರ್ಧಕ್ಕಿಂತ ಕಡಿಮೆ, ಶೀಟ್ ಹಸಿರು. ಆದರೆ 1,30,000 ರೂಪಾಯಿಯ ಪರ್ಚೇಸ್ ಆರ್ಡರ್‌ಗಳು ಆಗಲೇ ಹೋಗಿವೆ, ಬಿಲ್ ಇನ್ನೂ ಬಂದಿಲ್ಲ. ಆ ದುಡ್ಡು ಖಾತೆಯಲ್ಲಿ ಕಂಡರೂ ನಮ್ಮದಲ್ಲ. ಎರಡೂ ಕೂಡಿದರೆ 3,70,000. ಸೆಪ್ಟೆಂಬರ್‌ವರೆಗಿನ ಯೋಜನೆ 3,20,000 ಆಗಿದ್ದರೆ, ನಾವು ಶೇ. 116ರಲ್ಲಿದ್ದೀವಿ. ಮುಂದಿನ ಸೆಮಿಸ್ಟರ್‌ನ ದುಡ್ಡಿನಲ್ಲಿ 50,000 ಆಗಲೇ ಕೈಬಿಟ್ಟಿದೆ.

ಹಾಗಾಗಿ ಬಣ್ಣ ಹೀಗೆ ಬರಬೇಕು. B2 ಇಲ್ಲಿಯವರೆಗಿನ ಯೋಜನೆ, C2 ಪಾವತಿ, D2 ಬಿಲ್ ಬಾಕಿ ಇರೋ ಆರ್ಡರ್:

```
=IF((C2+D2)/B2>1.1,"ಕೆಂಪು",IF((C2+D2)/B2>1,"ಹಳದಿ","ಹಸಿರು"))
```

ಇಲ್ಲಿ B2 ಅನ್ನು ವರ್ಷದ ಮೊತ್ತವನ್ನ ಹನ್ನೆರಡರಿಂದ ಭಾಗಿಸಿ ತುಂಬಬಾರದು. ಉಪಕರಣಗಳ ವಾರ್ಷಿಕ ನಿರ್ವಹಣಾ ಒಪ್ಪಂದಕ್ಕೆ ಏಪ್ರಿಲ್‌ನಲ್ಲೇ 90,000 ಕಟ್ಟಬೇಕಿದ್ದರೆ, ತಿಂಗಳಿಗೆ 50,000 ಅನ್ನೋ ಲೆಕ್ಕದಲ್ಲಿ ಮೊದಲ ತಿಂಗಳೇ ಕೆಂಪು. ಎರಡು ಸಲ ಹೀಗೆ ಸುಮ್ಮಸುಮ್ಮನೆ ಕೆಂಪಾದರೆ ಮೂರನೇ ಸಲ ಮುಖ್ಯಸ್ಥರು ನೋಡೋದೇ ಇಲ್ಲ. ಯಾವ ತಿಂಗಳು ಯಾವ ಖರ್ಚು ಬರುತ್ತೆ ಅಂತ ಹಿಂದಿನ ವರ್ಷದ ಲೆಡ್ಜರ್ ನೋಡಿ ಯೋಜನೆ ತುಂಬಬೇಕು.

ಇನ್ನೊಂದು ಎಡವಟ್ಟು ಇದೆ. ಬಿಲ್ ಪಾವತಿ ಆದ ದಿನ ಆ ಮೊತ್ತವನ್ನ D2ದಿಂದ ತೆಗೆಯದಿದ್ದರೆ ಅದೇ ದುಡ್ಡು ಎರಡು ಸಲ ಲೆಕ್ಕಕ್ಕೆ ಬರುತ್ತೆ. ತಿಂಗಳ ಕೊನೆಗೆ C2 ಅಕೌಂಟ್ಸ್ ಸೆಕ್ಷನ್‌ನ ಲೆಡ್ಜರ್‌ಗೆ ಹೊಂದುತ್ತಾ, D2ದಲ್ಲಿರೋ ಒಂದೊಂದು ಆರ್ಡರ್‌ಗೂ ಬಿಲ್ ನಿಜಕ್ಕೂ ಬಾಕಿ ಇದೆಯಾ ಅಂತ ನೋಡಿದರೆ ಇದು ಸಿಕ್ಕಿಬೀಳುತ್ತೆ.

ಸೆಪ್ಟೆಂಬರ್‌ನಲ್ಲಿ ಕೆಂಪು ಕಂಡರೆ ಒಂದು ಆರ್ಡರ್ ಮುಂದೂಡಬಹುದು, ಬೇರೆ ಬಾಬ್ತಿನಿಂದ ದುಡ್ಡು ಕೇಳಬಹುದು. ಫೆಬ್ರವರಿಯಲ್ಲಿ ಕಂಡರೆ ಮಾಡೋಕೆ ಉಳಿಯೋದು ಒಂದೇ: ನಮ್ಮ ಲ್ಯಾಬ್‌ನಲ್ಲಿ ನಾಲ್ಕು ಜನಕ್ಕೆ ಒಂದು ಕಿಟ್ ಕೊಡೋದು.